ಅಮ್ಮಿಗೊಂದು ಮ್ಯಾಟ್

ನಮ್ಮ ಅಮ್ಮಿ ಹೊಲಿಗೆ ಮಾಡುತ್ತಾರೆ. ಹದಿನೈದು ವರ್ಷದಿಂದ ಕಾಲಿನಲ್ಲೇ ತುಳಿಯುವ ಯಂತ್ರ. ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅವರ ಬಲಗಾಲಿನ ಮಂಡಿ ಹಿಡಿದುಕೊಂಡಿತು. ಕೂತರೆ ಏಳಲು ಕಷ್ಟ, ಎದ್ದರೆ ಕೂರಲು ಕಷ್ಟ. ಅವರಿಗೆ ನೋವಿಗಿಂತ ಹೆಚ್ಚು ಬೇಸರ ತಂದದ್ದು ನಮಾಜ್ ಅನ್ನು ಕುರ್ಚಿಯ ಮೇಲೆ ಕೂತು ಮಾಡಬೇಕಾಗಿ ಬಂದದ್ದು. "ನಾನೇನು ಮುದುಕಿಯಾ?" ಎಂದು ಒಂದು ಸಲ ಕೇಳಿದರು. ಅವರಿಗೆ ನಲವತ್ತಮೂರು.

ಶಿವಮೊಗ್ಗದಲ್ಲಿ ತೋರಿಸಿದಾಗ ಫಿಸಿಯೋಥೆರಪಿಸ್ಟ್ ಒಂದು ಹಾಳೆಯಲ್ಲಿ ನಾಲ್ಕು ವ್ಯಾಯಾಮ ಬರೆದುಕೊಟ್ಟರು. ಅಂಗಾತ ಮಲಗಿ ಕಾಲನ್ನು ನೇರವಾಗಿ ಎತ್ತುವುದು. ಮಂಡಿ ಮಡಚಿ ಮಲಗಿ ಸೊಂಟ ಎತ್ತುವುದು. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತುವುದು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮೂರು ತಿಂಗಳಾದ ಮೇಲೆ, ನೋವು ಕಡಿಮೆಯಾದರೆ, ಮಂಡಿಯೂರುವುದನ್ನು ನಿಧಾನವಾಗಿ ಅಭ್ಯಾಸ ಮಾಡಬಹುದು ಎಂದರು. "ಮನೆಯಲ್ಲಿ ಒಂದು ಯೋಗ ಮ್ಯಾಟ್ ಹಾಕಿಕೊಂಡು ಮಾಡಿ" ಎಂದೂ ಹೇಳಿದರು. ಯಾವ ಮ್ಯಾಟ್ ಎಂದು ನಾವು ಕೇಳಲಿಲ್ಲ. ಮ್ಯಾಟ್ ಎಂದರೆ ಮ್ಯಾಟ್ ಅಲ್ಲವೇ ಅಂದುಕೊಂಡೆವು.

ಕಾಮರ್ಸ್ ಓದುವವಳು, ಬೆಲೆ ಹೋಲಿಸಿ ನೋಡುತ್ತಾಳೆ ಎಂದು ಅಬ್ಬಾ ಆ ಕೆಲಸ ನನಗೆ ಒಪ್ಪಿಸಿದರು. ನಾನು ಫೋನಿನಲ್ಲಿ ಹುಡುಕಿ 749 ರೂಪಾಯಿಗೆ ಗುಲಾಬಿ ಬಣ್ಣದ ಒಂದು ಮ್ಯಾಟ್ ತರಿಸಿದೆ. 13 ಮಿಲಿಮೀಟರ್ ದಪ್ಪ. ಅದೇ ಬೆಲೆಗೆ 4 ಮಿಲಿಮೀಟರ್ ಮ್ಯಾಟ್ ಕೂಡ ಇತ್ತು. ಒಂದೇ ದುಡ್ಡಿಗೆ ಮೂರು ಪಟ್ಟು ದಪ್ಪ ಸಿಗುವಾಗ ತೆಳ್ಳಗಿನದನ್ನು ಯಾರು ಕೊಳ್ಳುತ್ತಾರೆ? ಮಂಡಿ ನೋವಿರುವವರಿಗೆ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಲೆಕ್ಕ.

ಮಲಗಿ ಮಾಡುವ ಎರಡು ವ್ಯಾಯಾಮಕ್ಕೆ ಅದು ನಿಜಕ್ಕೂ ಹಿತವಾಗಿತ್ತು. ಮೂರನೇ ದಿನ ಅಮ್ಮಿ ಅದರ ಮೇಲೆ ನಿಂತು, ಗೋಡೆಗೆ ಬೆರಳು ತಾಗಿಸಿ, ಹಿಮ್ಮಡಿ ಎತ್ತಿದರು. ಮುಂಗಾಲು ಮ್ಯಾಟ್‌ನೊಳಗೆ ಇಳಿಯಿತು, ಪಾದ ಹೊರಕ್ಕೆ ವಾಲಿತು. ಸರಿಪಡಿಸಿಕೊಳ್ಳಲು ಇನ್ನೊಂದು ಕಾಲು ಊರಿದಾಗ ಮ್ಯಾಟ್ ನಮ್ಮ ಮನೆಯ ನುಣುಪಾದ ಕೆಂಪು ಗಾರೆ ನೆಲದ ಮೇಲೆ ಸರಕ್ಕನೆ ಜಾರಿತು. ಮಂಚದ ಅಂಚು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಆದರೆ ಮುಖ ಬಿಳಿಚಿಕೊಂಡಿತ್ತು. "ಮ್ಯಾಟ್‌ದೇನೂ ತಪ್ಪಿಲ್ಲ ಬೇಟಾ, ನಾನೇ ನೋಡಿಕೊಂಡು ನಿಲ್ಲಲಿಲ್ಲ" ಎಂದರು. ಆಮೇಲೆ ಒಂದು ವಾರ ವ್ಯಾಯಾಮದ ಮಾತೇ ಎತ್ತಲಿಲ್ಲ. ಬಳಸಿದ ವಸ್ತು ಎಂದು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಅಬ್ಬಾ ನಗುತ್ತಾ, "ಲಾಭ ನಷ್ಟ ಖಾತೆಯಲ್ಲಿ ಬರೆದುಕೋ" ಎಂದರು. ನನಗೆ ನಗು ಬರಲಿಲ್ಲ.

ಮುಂದಿನ ಭಾನುವಾರ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ನಾವು ಸೊರಬಕ್ಕೆ ಖಾಲಾ ಮನೆಗೆ ಹೋದೆವು. ನಾನು ಹಟ ಹಿಡಿದು ಗುಲಾಬಿ ಮ್ಯಾಟನ್ನೂ ಒಯ್ದೆ. ಖಾಲಾ ತಮ್ಮ ಬೀದಿಯ ಒಬ್ಬ ಟೀಚರ್ ಬಳಿ ಆಸನಗಳನ್ನು ಕಲಿತವರು. ಮೂರು ವರ್ಷದಿಂದ ಮನೆಯಲ್ಲೇ ಮಾಡುತ್ತಾರೆ. ನನ್ನ ಮ್ಯಾಟನ್ನು ಬಿಡಿಸಿ ಹೆಬ್ಬೆರಳಿನಿಂದ ಒತ್ತಿದರು. ಬೆರಳು ನೆಲ ಮುಟ್ಟಿತು. "ಇದು ಮ್ಯಾಟ್ ಅಲ್ಲ, ಗಾದಿ" ಎಂದರು.

ಆಮೇಲೆ ಅವರು ಮಾಡಿಸಿದ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಗೋಡೆಯ ಪಕ್ಕ ಮೊದಲು ಬರಿ ನೆಲದ ಮೇಲೆ ಒಂಟಿ ಕಾಲಲ್ಲಿ ನಿಂತು ಹತ್ತು ಎಣಿಸಿದೆ. ನಂತರ ಖಾಲಾ ಅವರ 4 ಮಿಲಿಮೀಟರ್ ಮ್ಯಾಟ್ ಮೇಲೆ, ಕೊನೆಗೆ ನನ್ನ 13 ಮಿಲಿಮೀಟರ್ ಮ್ಯಾಟ್ ಮೇಲೆ. ನೆಲದ ಮೇಲೂ ಖಾಲಾ ಮ್ಯಾಟ್ ಮೇಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನನ್ನ ಮ್ಯಾಟ್ ಮೇಲೆ ಮಾತ್ರ ಪಾದದ ಗಂಟು ಎಡಕ್ಕೂ ಬಲಕ್ಕೂ ನಡುಗುತ್ತಲೇ ಇತ್ತು. ನನಗೆ ಹದಿನೇಳು, ಮಂಡಿ ಸರಿಯಿದೆ. ನನಗೇ ಹೀಗಾದರೆ ಅಮ್ಮಿಗೆ ಹೇಗಾಗಿರಬೇಡ!

ಇದರ ಕಾರಣ ಸರಳ. ಮಲಗಿದಾಗ ನಮ್ಮ ಭಾರ ಬೆನ್ನು, ಸೊಂಟ, ಹಿಮ್ಮಡಿ ಎಂದು ಹರಡಿಕೊಳ್ಳುತ್ತದೆ. ಅಲ್ಲಿ ಮೂಳೆ ನೆಲಕ್ಕೆ ಒತ್ತದ ಹಾಗೆ ಸ್ವಲ್ಪ ಮೆತ್ತಗಿದ್ದರೆ ಹಿತ. ನಿಂತಾಗ ಪೂರ್ತಿ ಭಾರ ಎರಡು ಪಾದಗಳ ಮೇಲೆ, ಒಂಟಿ ಕಾಲಾದರೆ ಒಂದರ ಮೇಲೆಯೇ ಬೀಳುತ್ತದೆ. ಪಾದಕ್ಕೆ ನೆಲ ಎಲ್ಲಿದೆ ಎಂದು ಗೊತ್ತಾಗಬೇಕು. ಅಡಿಯಲ್ಲಿರುವುದು ಕುಸಿಯುತ್ತಿದ್ದರೆ ಪಾದ ಒಂದೇ ಸಮ ಸರಿಪಡಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ಹಾಗಾಗಿ ನಿಲ್ಲುವುದೂ ಮಲಗುವುದೂ ಎರಡೂ ಇರುವ ಹೊಸಬರಿಗೆ 4ರಿಂದ 6 ಮಿಲಿಮೀಟರ್ ಸಾಕು. ನೆಲ ಗಟ್ಟಿ, ಮೂಳೆ ನೋಯುತ್ತದೆ ಎನ್ನುವವರು 6ರ ಕಡೆಗೆ ಹೋಗಬಹುದು. 10ಕ್ಕಿಂತ ದಪ್ಪದ್ದು ಮಲಗಿ ಮಾಡುವ ವ್ಯಾಯಾಮಕ್ಕೆ ಮಾತ್ರ.

"ಹಾಗಾದರೆ ಮಂಡಿಯೂರಿದಾಗ ನೋಯುವುದಿಲ್ಲವಾ?" ಎಂದು ಅಮ್ಮಿ ಕೇಳಿದರು. ಖಾಲಾ ಒಂದು ಹತ್ತಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮ್ಯಾಟ್ ಮೇಲೆ ಮಂಡಿ ಬರುವ ಜಾಗಕ್ಕೆ ಇಟ್ಟರು. "ತೆಳ್ಳಗಿನದಕ್ಕೆ ಬೇಕಾದ ಕಡೆ ದಪ್ಪ ಸೇರಿಸಬಹುದು. ದಪ್ಪದ್ದನ್ನು ನಿಲ್ಲುವಾಗ ತೆಳ್ಳಗೆ ಮಾಡಲು ಆಗುತ್ತದಾ?" ಎಂದರು. ನನಗೆ ಇಡೀ ವಿಷಯ ಆ ಒಂದು ಮಾತಿನಲ್ಲಿ ಅರ್ಥವಾಯಿತು. ಆಮೇಲೆ ಓದಿ ತಿಳಿದದ್ದು: ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿ ಹೆಸರಾದದ್ದೇ ಇಂಥ ಆಸರೆಗಳಿಗೆ. ಮಡಚಿದ ಕಂಬಳಿ, ಇಟ್ಟಿಗೆ ಆಕಾರದ ಮರದ ತುಂಡು, ಪಟ್ಟಿ, ಕುರ್ಚಿ, ಹಗ್ಗ ಇವೆಲ್ಲವನ್ನೂ ಅವರು ಬಳಸುತ್ತಿದ್ದರು. ಇವುಗಳಲ್ಲಿ ಹೆಚ್ಚಿನವು ನಮ್ಮ ಮನೆಯಲ್ಲೇ ಇವೆ.

ದಪ್ಪದ ಪ್ರಶ್ನೆ ಹೀಗೆ ಮುಗಿಯಿತು. ಆದರೆ ಅಮ್ಮಿ ಜಾರಿದ್ದು ದಪ್ಪದಿಂದಷ್ಟೇ ಅಲ್ಲ. ಹಿಡಿತ ಇರಲಿಲ್ಲ. ಮ್ಯಾಟ್‌ಗೆ ಎರಡು ಮುಖ, ಎರಡಕ್ಕೂ ಹಿಡಿತ ಬೇಕು. ಮೇಲಿನದು ನಮ್ಮ ಪಾದವನ್ನು ಹಿಡಿಯಬೇಕು, ಕೆಳಗಿನದು ನೆಲವನ್ನು. ನಾವು ಅಂಗಡಿಯಲ್ಲಿ ಮೇಲಿನದನ್ನು ಮಾತ್ರ ಮುಟ್ಟಿ ನೋಡುತ್ತೇವೆ.

ಶಿಕಾರಿಪುರಕ್ಕೆ ಬಂದ ಮೇಲೆ ಈ ಸಲ ಫೋನಿನಲ್ಲಿ ಕೊಳ್ಳದೆ ಆಟದ ಸಾಮಾನಿನ ಅಂಗಡಿಗೆ ಹೋದೆವು. ಬಿಡಿಸಿ ನೋಡಬಹುದೇ ಎಂದು ಮೊದಲೇ ಕೇಳಿದೆ. ಅಂಗಡಿಯವರು ಒಪ್ಪಿದರು. ಪ್ರತಿ ಮ್ಯಾಟನ್ನೂ ಅವರ ಟೈಲ್ಸ್ ನೆಲದ ಮೇಲೆ ಹಾಸಿ, ಒಂದು ತುದಿಯಲ್ಲಿ ಎರಡೂ ಅಂಗೈ ಊರಿ ಮುಂದಕ್ಕೆ ತಳ್ಳಿದೆ. ಕೈ ಜಾರಿದರೆ ಮೇಲಿನ ಮುಖ ಸರಿಯಿಲ್ಲ. ಕೈ ನಿಂತು ಇಡೀ ಮ್ಯಾಟ್ ಸರಿದರೆ ಕೆಳಗಿನ ಮುಖ ಸರಿಯಿಲ್ಲ. ಕೈಯೂ ಮ್ಯಾಟೂ ಎರಡೂ ನಿಂತು, ಮ್ಯಾಟ್ ರಬ್ಬರಿನಂತೆ ಉದ್ದಕ್ಕೆ ಎಳೆದುಕೊಂಡರೆ ಅದೂ ಬೇಡ. ಅಂಥದ್ದು ಬೇಗ ಹರಿಯುತ್ತದೆ. ನನ್ನ ಗುಲಾಬಿ ಮ್ಯಾಟ್ ಈ ಪರೀಕ್ಷೆಯಲ್ಲಿ ಎರಡನೆಯದರಲ್ಲೂ ಮೂರನೆಯದರಲ್ಲೂ ಫೇಲ್ ಆಗುತ್ತಿತ್ತು. ಕೊನೆಗೆ ಕರವಸ್ತ್ರ ಒದ್ದೆ ಮಾಡಿ ಅಂಗೈ ಸ್ವಲ್ಪ ತೇವ ಮಾಡಿಕೊಂಡು ಇನ್ನೊಮ್ಮೆ ತಳ್ಳಿದೆ. ಒಣ ಕೈಗೆ ಹಿಡಿತ ಕೊಡುವ ಎಷ್ಟೋ ಮ್ಯಾಟ್‌ಗಳು ಬೆವರಿದ ಕೈಗೆ ಕೊಡುವುದಿಲ್ಲ.

ಈ ವ್ಯತ್ಯಾಸ ಬರುವುದು ಯಾವುದರಿಂದ ಮಾಡಿದ್ದಾರೆ ಎಂಬುದರಿಂದ. ನನ್ನ ಗುಲಾಬಿ ಮ್ಯಾಟ್ ಎನ್‌ಬಿಆರ್ ಎಂಬ ಫೋಮ್‌ನದು. ಅದು ಬಹಳ ಮೆತ್ತಗೆ, ದಪ್ಪವಾಗಿಯೇ ಬರುತ್ತದೆ. ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಇವಿಎ. ಮಕ್ಕಳ ಕೋಣೆಗೆ ಹಾಸುವ ಜೋಡಿಸುವ ಬಣ್ಣದ ಚೌಕಗಳು ಇದರಿಂದಲೇ ಆದವು. ಹಗುರ, ಆದರೆ ಒತ್ತಿದ ಕಡೆ ಕ್ರಮೇಣ ಕುಳಿ ಬಿದ್ದು ಹಾಗೆಯೇ ಉಳಿಯುತ್ತದೆ. ಖಾಲಾ ಅವರದು ಪಿವಿಸಿ. ಗಟ್ಟಿ, ಬಾಳಿಕೆ ಬರುತ್ತದೆ, ಹೊಸದರಲ್ಲಿ ವಾಸನೆ ಇರುತ್ತದೆ. ಟಿಪಿಇ ಎಂಬುದು ಇವುಗಳ ನಡುವಿನದು. ವಾಸನೆ ಕಡಿಮೆ, ಹಿಡಿತ ಚೆನ್ನಾಗಿದೆ, ಬಿಸಿಲಿಗೆ ಮಾತ್ರ ಆಗಿಬರುವುದಿಲ್ಲ. ಹಿಡಿತದಲ್ಲಿ ಎಲ್ಲಕ್ಕಿಂತ ಮೇಲು ನಿಜವಾದ ರಬ್ಬರ್. ಆದರೆ ಅದು ಭಾರ, ಬೆಲೆ ಜಾಸ್ತಿ, ಲೇಟೆಕ್ಸ್ ಅಲರ್ಜಿ ಇರುವವರು ಮುಟ್ಟುವಂತಿಲ್ಲ. ಹತ್ತಿಯ ಮತ್ತು ಸೆಣಬಿನ ಹಾಸುಗಳು ಬೆವರು ಹೀರುತ್ತವೆ, ಆದರೆ ಅಡಿಯಲ್ಲಿ ರಬ್ಬರ್ ಇಲ್ಲದಿದ್ದರೆ ನುಣುಪಾದ ನೆಲದ ಮೇಲೆ ಜಾರುತ್ತವೆ. ಹಾಗಾಗಿ ಚಾಪೆ, ಜಮಖಾನ, ಜಾನಮಾಜ್ ಇವುಗಳ ಮೇಲೆ ನಿಂತು ವ್ಯಾಯಾಮ ಮಾಡುವುದು ಸರಿಯಲ್ಲ. ಅವುಗಳ ಮೇಲೆ ಮ್ಯಾಟ್ ಹಾಕುವುದೂ ಸರಿಯಲ್ಲ. ಮ್ಯಾಟ್ ನೇರವಾಗಿ ನೆಲವನ್ನೇ ಹಿಡಿಯಬೇಕು.

ಚೀಟಿಯಲ್ಲಿ ಬರೆದದ್ದನ್ನು ನಂಬುವುದು ಹೇಗೆ? ಇಲ್ಲಿ ನನ್ನ ಲೆಕ್ಕ ಸ್ವಲ್ಪ ಉಪಯೋಗಕ್ಕೆ ಬಂತು. ಮ್ಯಾಟ್‌ನ ಉದ್ದ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಎಷ್ಟು ಲೀಟರ್ ಜಾಗ ತುಂಬುತ್ತದೆ ಎಂದು ಸಿಗುತ್ತದೆ. ತೂಕವನ್ನು ಅದರಿಂದ ಭಾಗಿಸಿದರೆ ಒಂದು ಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ವಸ್ತು ಇದೆ ಎಂದು ತಿಳಿಯುತ್ತದೆ. ಉಳಿದದ್ದೆಲ್ಲ ಗಾಳಿ. ಗುಲಾಬಿ ಮ್ಯಾಟ್ 183 ಉದ್ದ, 61 ಅಗಲ, 1.3 ದಪ್ಪ, ಅಂದರೆ ಸುಮಾರು 14.5 ಲೀಟರ್. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 1,100 ಗ್ರಾಂ ತೂಗಿತು. ಲೀಟರಿಗೆ 76 ಗ್ರಾಂ ಮಾತ್ರ. ಅಂಗಡಿಯಲ್ಲಿ ನೋಡಿದ 6 ಮಿಲಿಮೀಟರ್ ಟಿಪಿಇ ಮ್ಯಾಟ್ ಅದೇ ಉದ್ದ ಅಗಲದ್ದು, 6.7 ಲೀಟರ್, ತೂಕ ಸರಿಯಾಗಿ ಒಂದು ಕಿಲೋ. ಲೀಟರಿಗೆ ಸುಮಾರು 149 ಗ್ರಾಂ. ಅರ್ಧಕ್ಕಿಂತ ಕಡಿಮೆ ದಪ್ಪ, ಆದರೆ ಎರಡು ಪಟ್ಟು ಗಟ್ಟಿ. ಅಂದರೆ ನಾನು ಮೊದಲು 749 ರೂಪಾಯಿ ಕೊಟ್ಟು ಕೊಂಡದ್ದು ಹೆಚ್ಚಾಗಿ ಗಾಳಿಯನ್ನೇ. ಈ ಲೆಕ್ಕ ಹಿಡಿತದ ಬಗ್ಗೆ ಏನೂ ಹೇಳುವುದಿಲ್ಲ, ಕುಸಿಯುವುದರ ಬಗ್ಗೆ ಮಾತ್ರ ಹೇಳುತ್ತದೆ. ಹಿಡಿತಕ್ಕೆ ಅಂಗೈ ಪರೀಕ್ಷೆಯೇ ಬೇಕು.

950 ರೂಪಾಯಿಗೆ ಆ ಟಿಪಿಇ ಮ್ಯಾಟ್ ತಂದೆವು. ಮೊದಲ ದಿನ ಅದೂ ಸ್ವಲ್ಪ ಜಾರಿತು. ನನ್ನ ಎದೆ ಧಸಕ್ ಎಂದಿತು. ಖಾಲಾಗೆ ಫೋನ್ ಮಾಡಿದರೆ, "ತೊಳೆದೆಯಾ?" ಎಂದು ಕೇಳಿದರು. ಹೊಸ ಮ್ಯಾಟ್ ಮೇಲೆ ಕಾರ್ಖಾನೆಯ ತೆಳು ಜಾರು ಪದರ ಉಳಿದಿರುತ್ತದೆ. ಒಂದು ಮಗ್ಗು ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಬಟ್ಟೆಯಿಂದ ಎರಡೂ ಮುಖ ಒರೆಸಿ, ಬರಿ ನೀರಿನ ಬಟ್ಟೆಯಿಂದ ಮತ್ತೆ ಒರೆಸಿ, ನೆರಳಲ್ಲಿ ಒಣಗಿಸಿದೆ. ಸರಿಹೋಯಿತು. ಎರಡು ವಾರದ ನಂತರ ಮತ್ತೆ ಜಾರತೊಡಗಿದಾಗ ಕಾರಣ ನಾನೇ ಕಂಡುಹಿಡಿದೆ. ಅಮ್ಮಿ ವ್ಯಾಯಾಮಕ್ಕೆ ಮೊದಲು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಎಣ್ಣೆ ಅಂಗೈಯಿಂದ ಮ್ಯಾಟ್‌ಗೆ, ಮ್ಯಾಟ್‌ನಿಂದ ಪಾದಕ್ಕೆ. ಈಗ ವ್ಯಾಯಾಮ ಮೊದಲು, ಎಣ್ಣೆ ಆಮೇಲೆ. ಕೆಳಗಿನ ಮುಖಕ್ಕೆ ಹಿಟ್ಟಿನಂಥ ಧೂಳು, ಹೊಲಿಗೆಯ ನೂಲು ಅಂಟಿದರೂ ಹಿಡಿತ ಹೋಗುತ್ತದೆ. ಹಾಗಾಗಿ ಹಾಸುವ ಮೊದಲು ನೆಲ ಒರೆಸಿ ಒಣಗಲು ಬಿಡುತ್ತೇವೆ.

ಮಳೆಗಾಲದ್ದು ಬೇರೆಯೇ ಕಥೆ. ಆಷಾಢದಲ್ಲಿ ನಮ್ಮ ಕಡೆ ನೆಲವೇ ಬೆವರುತ್ತದೆ, ಸೊರಬದಲ್ಲಂತೂ ಇನ್ನೂ ಹೆಚ್ಚು. ಖಾಲಾ ಅವರ ಮೊದಲ ಮ್ಯಾಟ್ ಒದ್ದೆಯಲ್ಲೇ ಸುತ್ತಿಟ್ಟು ಬೂಷ್ಟು ಹಿಡಿದು ಹಾಳಾಯಿತಂತೆ. ಕೊಳ್ಳುವಾಗ ಮ್ಯಾಟ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು ಎಂದು ಅವರೇ ಹೇಳಿಕೊಟ್ಟದ್ದು. ಹನಿ ಹಾಗೆಯೇ ನಿಂತರೆ ಬೆವರು ಒಳಗೆ ಇಳಿಯುವುದಿಲ್ಲ, ಒರೆಸಿದರೆ ಸಾಕು. ಹನಿ ಇಂಗಿದರೆ ಅದು ಮಳೆಗಾಲದಲ್ಲಿ ಒಣಗುವುದು ಕಷ್ಟ. ನಮ್ಮ ಮ್ಯಾಟನ್ನು ಬಳಸಿದ ಮೇಲೆ ಕುರ್ಚಿಯ ಬೆನ್ನಿಗೆ ಅರ್ಧ ಗಂಟೆ ಹರವಿ, ಆಮೇಲೆ ಸುತ್ತಿ ನಿಲ್ಲಿಸುತ್ತೇವೆ. ಬಿಸಿಲಿಗೆ ಮಾತ್ರ ಹಾಕುವುದಿಲ್ಲ.

ಇನ್ನು ಜಾಗ. ನಮ್ಮ ಕೋಣೆ ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ಅದರಲ್ಲಿ ಮಂಚಕ್ಕೆ ನಾಲ್ಕು ಅಡಿ, ಹೊಲಿಗೆ ಯಂತ್ರಕ್ಕೆ ಒಂದೂವರೆ ಅಡಿ ಅಗಲ ಹೋದರೆ ಉಳಿಯುವುದು ಮೂರೂವರೆ. ಮ್ಯಾಟ್ ಆರು ಅಡಿ ಉದ್ದ, ಎರಡು ಅಡಿ ಅಗಲ. ಹಿಡಿಸುತ್ತದೆ ಎಂದು ಯಾರೂ ಹೇಳಬಹುದು. ಆದರೆ ಅಳೆಯಬೇಕಾದದ್ದು ಮ್ಯಾಟನ್ನಲ್ಲ, ಮ್ಯಾಟ್ ಮೇಲಿನ ಮನುಷ್ಯರನ್ನು. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಸುಮಾರು ನಮ್ಮ ಎತ್ತರದಷ್ಟೇ ಆಗುತ್ತದೆ. ಅಮ್ಮಿ ಐದು ಅಡಿ ಒಂದು ಇಂಚು. ಅವರು ಕೈ ಚಾಚಿ ಮಾಡುವ ವ್ಯಾಯಾಮಕ್ಕೆ ಐದು ಅಡಿ ಬೇಕು, ಅದು ನಮ್ಮಲ್ಲಿಲ್ಲ. ಆದರೆ ಹಾಳೆಯಲ್ಲಿರುವ ನಾಲ್ಕರಲ್ಲಿ ಯಾವುದಕ್ಕೂ ಕೈ ಚಾಚಬೇಕಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮ್ಯಾಟ್‌ನ ಗೆರೆ ಎಳೆದು, ಅಮ್ಮಿಯನ್ನು ಮಲಗಿಸಿ, ನಾಲ್ಕೂ ಮಾಡಿಸಿ ನೋಡಿದೆ. ಮೊದಲು ಮಧ್ಯದಲ್ಲಿ ಎಳೆದಿದ್ದೆ. ಎರಡೂ ಕಡೆ ಮುಕ್ಕಾಲು ಅಡಿ ಉಳಿದು ಎರಡೂ ಪ್ರಯೋಜನವಿಲ್ಲದಂತಾಯಿತು. ಆಮೇಲೆ ಯಂತ್ರವನ್ನು ಮಂಚದ ಪಕ್ಕಕ್ಕೆ ಸರಿಸಿ, ಮ್ಯಾಟನ್ನು ಗೋಡೆಗೆ ತಾಗಿಸಿದೆವು. ನಿಂತಾಗ ಹಿಡಿಯಲು ಗೋಡೆ ಸಿಕ್ಕಿತು, ಇನ್ನೊಂದು ಕಡೆ ಒಂದೂವರೆ ಅಡಿ ಖಾಲಿ ಸಿಕ್ಕಿತು. ಬಾಗಿಲು ಒಳಗೆ ತೆರೆಯುವಾಗ ತಲೆಗೆ ತಾಗದಂತೆ ಒಂದು ಅಡಿ ಕೆಳಕ್ಕೆ ಎಳೆದೆವು.

ಬೇರೆ ಸಾಮಾನು ಹೆಚ್ಚೇನೂ ಕೊಂಡಿಲ್ಲ. ಅಂಗಡಿಯಲ್ಲಿ ಡಂಬೆಲ್ ತೋರಿಸಿದರು. ಒಂದು ಲೀಟರ್ ನೀರು ಒಂದು ಕಿಲೋ, ಅರ್ಧ ಲೀಟರ್ ಅರ್ಧ ಕಿಲೋ. ಕೈಗೆ ಹೊಸದಾಗಿ ಭಾರ ಎತ್ತುವವರಿಗೆ ನೀರು ತುಂಬಿದ ಬಾಟಲಿ ಸಾಕು. ಮುಚ್ಚಳ ಬಿಗಿಯಾಗಿರಬೇಕು, ಇಲ್ಲದಿದ್ದರೆ ಮ್ಯಾಟ್ ಒದ್ದೆಯಾಗುತ್ತದೆ. ಕುರ್ಚಿ ನಮ್ಮದೇ, ಕೈ ಇಲ್ಲದ ಮರದ ಕುರ್ಚಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ನುಣುಪು ನೆಲದಲ್ಲಿ ಅಗಲವಾಗಿ ಸರಿಯುತ್ತದೆ, ಏಳುವ ಕೂರುವ ವ್ಯಾಯಾಮಕ್ಕೆ ಅದು ಅಪಾಯ. ಮರದ ಕುರ್ಚಿಯನ್ನೂ ಗೋಡೆಗೆ ಒತ್ತಿಯೇ ಇಡುತ್ತೇವೆ.

ಕೊಂಡದ್ದು ಎಂದರೆ 180 ರೂಪಾಯಿಯ ಒಂದು ಎಳೆಯುವ ರಬ್ಬರ್ ಪಟ್ಟಿ. ಎರಡನೇ ತಿಂಗಳು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ. ಬಣ್ಣ ನೋಡಿ ಬಿಗಿ ಎಷ್ಟು ಎಂದು ನಿರ್ಧರಿಸುವಂತಿಲ್ಲ, ಒಂದು ಕಂಪನಿಯ ಹಳದಿ ಇನ್ನೊಂದರ ಹಳದಿಯಂತೆ ಇರುವುದಿಲ್ಲ. ಒಂದೇ ಸಮ ಹನ್ನೆರಡು ಸಲ ಎಳೆದು, ಹನ್ನೆರಡನೆಯದು ಮೊದಲಿನಷ್ಟೇ ನೇರವಾಗಿ ಬಂದರೆ ಅದು ನಿಮ್ಮ ಪಟ್ಟಿ. ಐದಕ್ಕೇ ಉಸಿರು ಕಟ್ಟಿದರೆ ಇನ್ನೂ ಹಗುರದ್ದು ಬೇಕು. ಪ್ರತಿ ಸಲ ಬಳಸುವ ಮೊದಲು ಎಳೆದು ಬೆಳಕಿಗೆ ಹಿಡಿದು ನೋಡಬೇಕು. ಸಣ್ಣ ಸೀಳು, ಬಿಳಿ ಗೆರೆ ಕಂಡರೆ ಎಸೆದುಬಿಡಬೇಕು. ಬಿಗಿದ ಪಟ್ಟಿ ತುಂಡಾದರೆ ನೇರವಾಗಿ ಮುಖಕ್ಕೇ ಬಡಿಯುತ್ತದೆ.

ಈಗ ಏಳು ತಿಂಗಳಾಯಿತು. ಅಮ್ಮಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುತ್ತಾರೆ. ನಮಾಜ್ ಈಗಲೂ ಹೆಚ್ಚಾಗಿ ಕುರ್ಚಿಯ ಮೇಲೆಯೇ. ಆದರೆ ಕಳೆದ ತಿಂಗಳಿಂದ ದಿನಕ್ಕೊಮ್ಮೆ, ವ್ಯಾಯಾಮ ಮುಗಿದು ಮೈ ಬೆಚ್ಚಗಿರುವಾಗ, ಒಂದು ನಿಮಿಷ ಮಂಡಿಯೂರಿ ನೋಡುತ್ತಾರೆ. ಮಂಡಿಯ ಕೆಳಗೆ ಇಡುವುದು ಕಂಬಳಿಯನ್ನಲ್ಲ. ಆ ಗುಲಾಬಿ ಮ್ಯಾಟ್‌ನಿಂದ ನಾನು ಒಂದೂವರೆ ಅಡಿಯ ಒಂದು ತುಂಡು ಕತ್ತರಿಸಿ, ಅಮ್ಮಿಯ ಯಂತ್ರದಲ್ಲೇ ಹಳೆಯ ದುಪಟ್ಟಾದ ಗವಸು ಹೊಲಿದುಕೊಟ್ಟಿದ್ದೇನೆ. ನಿಲ್ಲಲು ಬಾರದ ದಪ್ಪ ಮಂಡಿಯೂರಲು ಚೆನ್ನಾಗಿಯೇ ಇದೆ. ಉಳಿದ ಭಾಗದ ಮೇಲೆ ತಮ್ಮ ಕೂತು ಹೋಂವರ್ಕ್ ಮಾಡುತ್ತಾನೆ.

ಅಬ್ಬಾ ಹೇಳಿದಂತೆ ಖಾತೆ ಬರೆದಿದ್ದೇನೆ. ಒಟ್ಟು ಖರ್ಚು 1,879 ರೂಪಾಯಿ. ಅದರಲ್ಲಿ 749 ಅನ್ನು ಮೊದಲು ನಷ್ಟ ಎಂದು ಬರೆದಿದ್ದೆ. ಈಗ ಅದನ್ನು ಅಳಿಸಿ ಆಸ್ತಿಯ ಕಡೆಗೆ ಹಾಕಿದ್ದೇನೆ. ನಮ್ಮ ಲೆಕ್ಕಶಾಸ್ತ್ರದ ಸರ್ ಒಪ್ಪುತ್ತಾರೋ ಇಲ್ಲವೋ, ಅಮ್ಮಿ ಒಪ್ಪಿದ್ದಾರೆ.